ಎಮೋಜಿ ಉಕ್ತಲೇಖನ

ಮೊಬೈಲ್ ಫೋನಿಗೆ ಬಾಯಲ್ಲಿ ಹೇಳಿ ಸಂದೇಶ ಬರೆಸುವಾಗ, ಅಕ್ಷರಗಳ ನಡುವೆ ಎಮೋಜಿಯನ್ನೂ ಹೆಸರು ಹೇಳಿ ಮೂಡಿಸುವ ಕ್ರಮವೇ ಎಮೋಜಿ ಉಕ್ತಲೇಖನ. ಇದರ ಮೂಲ ಸೂತ್ರ ಚಿಕ್ಕದು: ಬೇಕಾದ ಚಿಹ್ನೆಯ ಇಂಗ್ಲಿಷ್ ಹೆಸರು, ಅದರ ಬೆನ್ನಿಗೇ ‘ಎಮೋಜಿ’ ಎಂಬ ಮಾತು. ‘ಹಾರ್ಟ್ ಎಮೋಜಿ’ ಎಂದರೆ ❤️ ಬರುತ್ತದೆ. ಬರೀ ‘ಹಾರ್ಟ್’ ಎಂದರೆ ಆ ಪದವೇ ಅಕ್ಷರಗಳಲ್ಲಿ ಬರುತ್ತದೆ. ಸೂತ್ರ ಇಷ್ಟು ಸರಳವಾದರೂ ಯಾವ ಚಿಹ್ನೆಗೆ ಯಾವ ಹೆಸರು ಎಂಬುದು ಸರಳವಲ್ಲ. ಬಳಸುವವರ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಫೋನುಗಳಲ್ಲಿ ಎಮೋಜಿ ಹೇಳಿಸುವ ಸೌಲಭ್ಯ ಬರುವುದಕ್ಕೂ ಮುಂಚೆ ಅದರ ಪೂರ್ವರೂಪವೊಂದು ಇತ್ತು. ಆಪಲ್‌ನ ಉಕ್ತಲೇಖನದಲ್ಲಿ ‘ಸ್ಮೈಲಿ ಫೇಸ್’ ಎಂದರೆ :-) , ‘ಫ್ರೌನಿ ಫೇಸ್’ ಎಂದರೆ :-( , ‘ವಿಂಕಿ ಫೇಸ್’ ಎಂದರೆ ;-) ಮೂಡುತ್ತಿದ್ದವು. ಅಂದರೆ ವಿರಾಮಚಿಹ್ನೆಗಳನ್ನೇ ಜೋಡಿಸಿದ ಮುಖಗಳು. ನಿಜವಾದ ಎಮೋಜಿಯ ಮಾತು ಬಂದದ್ದು 2017ರ ಆಗಸ್ಟ್‌ನಲ್ಲಿ. ಆಗ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಮೂವತ್ತು ಹೊಸ ಭಾಷೆಗಳನ್ನು ಸೇರಿಸಿತು. ಕನ್ನಡವೂ ಅವುಗಳಲ್ಲಿ ಒಂದು. ಅದೇ ಪ್ರಕಟಣೆಯಲ್ಲಿ ‘ವಿಂಕಿ ಫೇಸ್ ಎಮೋಜಿ’ ಎಂದು ಹೇಳಿ 😉 ಬರೆಸಬಹುದು ಎಂದೂ ತಿಳಿಸಲಾಗಿತ್ತು, ಆದರೆ ಅದು ಅಮೆರಿಕದ ಇಂಗ್ಲಿಷಿಗೆ ಮಾತ್ರ. ಕನ್ನಡಿಗರಿಗೆ ಕನ್ನಡದಲ್ಲಿ ಹೇಳಿ ಬರೆಸುವ ಅನುಕೂಲವೂ ಎಮೋಜಿಯನ್ನು ಹೇಳಿ ಬರೆಸುವ ಅನುಕೂಲವೂ ಒಂದೇ ದಿನ ಹುಟ್ಟಿದರೂ ಒಂದರೊಳಗೊಂದು ಸೇರಲಿಲ್ಲ. 2021ರಲ್ಲಿ ಬಂದ ಪಿಕ್ಸೆಲ್ 6 ಫೋನಿನಲ್ಲಿ ಗೂಗಲ್ ಈ ಸೌಲಭ್ಯವನ್ನು ಇನ್ನಷ್ಟು ಸಲೀಸು ಮಾಡಿತು. 2022ರ ಐಒಎಸ್ 16ರೊಂದಿಗೆ ಐಫೋನಿಗೂ ಅದು ಬಂತು. ಆಪಲ್ ಆಗ ಆರಿಸಿಕೊಂಡ ಕೆಲವೇ ಭಾಷೆಗಳಲ್ಲಿ ಭಾರತದ ಇಂಗ್ಲಿಷ್ ಇತ್ತು, ಕನ್ನಡ ಇರಲಿಲ್ಲ.

ಸೌಲಭ್ಯ ಕೆಲಸ ಮಾಡಬೇಕಾದರೆ ಮೊದಲು ಸರಿಯಾದ ಮೈಕ್ ಒತ್ತಬೇಕು. ವಾಟ್ಸ್ಆ್ಯಪ್ ತೆರೆದಾಗ ಕಣ್ಣಿಗೆ ಎರಡು ಮೈಕ್‌ಗಳು ಬೀಳುತ್ತವೆ. ಬರೆಯುವ ಪಟ್ಟಿಯ ಬಲಕ್ಕೆ ಇರುವುದು ದನಿಯನ್ನೇ ಮುದ್ರಿಸಿ ಕಳಿಸುವ ಮೈಕ್. ಅದಕ್ಕೆ ಏನು ಹೇಳಿದರೂ ಎಮೋಜಿ ಬರುವುದಿಲ್ಲ, ಹೇಳಿದ್ದು ಹಾಗೆಯೇ ಆಡಿಯೋ ಆಗಿ ಹೋಗುತ್ತದೆ. ಉಕ್ತಲೇಖನದ ಮೈಕ್ ಇರುವುದು ಕೀಬೋರ್ಡಿನ ಮೇಲೆ. ಐಫೋನಿನಲ್ಲಿ ಅದು ಕಾಣದಿದ್ದರೆ `Settings > General > Keyboard` ಒಳಗೆ `Enable Dictation` ಆನ್ ಮಾಡಬೇಕು. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಾದರೆ ಕೀಬೋರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ `Voice typing` ಆನ್ ಮಾಡಬೇಕು. ಎರಡರಲ್ಲೂ ಮೈಕ್ ಕೇಳಿಸಿಕೊಳ್ಳುವ ಭಾಷೆ ಆ ಹೊತ್ತಿಗೆ ತೆರೆದಿರುವ ಕೀಬೋರ್ಡಿನ ಭಾಷೆಯನ್ನು ಅನುಸರಿಸುತ್ತದೆ. ಈ ಸಂಗತಿ ಕನ್ನಡದ ಬಳಕೆದಾರರಿಗೆ ಮುಂದೆ ಮುಖ್ಯವಾಗುತ್ತದೆ.

ಒಳಗೆ ನಡೆಯುವುದು ಎರಡು ಹಂತದ ಕೆಲಸ. ಮೊದಲ ಹಂತದಲ್ಲಿ ದನಿ ಪದಗಳಾಗುತ್ತದೆ: ಫೋನು ಕೇಳಿಸಿಕೊಂಡದ್ದನ್ನು ‘ಹ್ಯಾಪಿ ಬರ್ತ್‌ಡೇ ಕೇಕ್ ಎಮೋಜಿ’ ಎಂಬಂಥ ಬರಿಯ ಪದಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಎರಡನೆಯದು ತಿದ್ದುವ ಹಂತ. ಹೇಳಿದ ‘ಟ್ವೆಂಟಿ ಫೈವ್’ 25 ಆಗುವುದು, ‘ಕ್ವೆಶ್ಚನ್ ಮಾರ್ಕ್’ ಎಂಬ ಎರಡು ಪದ ಒಂದು ? ಆಗುವುದು ಈ ಹಂತದಲ್ಲೇ. ‘ಎಮೋಜಿ’ ಎಂಬ ಪದ ಇಲ್ಲಿ ಗುರುತಿನ ಕಂಬ. ಅದು ಸಿಕ್ಕ ಕೂಡಲೇ ಅದರ ಹಿಂದಿನ ಕೆಲವು ಪದಗಳು ಯಾವುದಾದರೂ ಚಿಹ್ನೆಯ ಹೆಸರಾಗುತ್ತವೆಯೇ ಎಂದು ನೋಡಲಾಗುತ್ತದೆ. ಹೆಸರಾದರೆ ಚಿಹ್ನೆ ಬರುತ್ತದೆ, ಆಗದಿದ್ದರೆ ‘ಎಮೋಜಿ’ ಎಂಬ ಪದವೂ ಸೇರಿ ಎಲ್ಲವೂ ಅಕ್ಷರವಾಗಿಯೇ ಉಳಿಯುತ್ತದೆ.

ಹೀಗಾಗಿ ತಪ್ಪು ಎಲ್ಲಿ ಆಯಿತು ಎಂಬುದನ್ನು ಪರದೆ ನೋಡಿಯೇ ಹೇಳಬಹುದು. ಪರದೆಯ ಮೇಲೆ ಹೆಸರೂ ‘ಎಮೋಜಿ’ ಪದವೂ ಸರಿಯಾದ ಕಾಗುಣಿತದಲ್ಲಿ ಕಂಡರೆ ಫೋನು ಸರಿಯಾಗಿಯೇ ಕೇಳಿಸಿಕೊಂಡಿದೆ, ಆದರೆ ಆ ಹೆಸರು ಅದರ ಪಟ್ಟಿಯಲ್ಲಿಲ್ಲ ಅಥವಾ ಆ ಭಾಷೆಗೆ ಸೌಲಭ್ಯವೇ ಇಲ್ಲ ಎಂದರ್ಥ. ಮತ್ತೆ ಮತ್ತೆ ಗಟ್ಟಿಯಾಗಿ ಹೇಳಿ ಪ್ರಯೋಜನವಿಲ್ಲ, ಹೆಸರು ಬದಲಿಸಬೇಕು. ಹೆಸರಿನ ಜಾಗದಲ್ಲಿ ಬೇರೆ ಯಾವುದೋ ಪದ ಕಂಡರೆ, ಅಥವಾ ಸಂಬಂಧವಿಲ್ಲದ ಚಿಹ್ನೆ ಬಂದರೆ ತೊಂದರೆ ಇರುವುದು ಉಚ್ಚಾರಣೆಯಲ್ಲಿ. ಹೆಸರು ಅಕ್ಷರದಲ್ಲಿ ನಿಂತು, ನಡುವೆ ಪೂರ್ಣವಿರಾಮವೋ ಅಲ್ಪವಿರಾಮವೋ ಬಿದ್ದು, ‘ಎಮೋಜಿ’ ಬೇರೆಯಾಗಿ ಕುಳಿತಿದ್ದರೆ ಹೇಳುವಾಗ ನಡುವೆ ಉಸಿರು ತೆಗೆದುಕೊಂಡಿದ್ದೀರಿ. ಈಚಿನ ಫೋನುಗಳು ವಿರಾಮಚಿಹ್ನೆಯನ್ನು ತಾವೇ ಹಾಕುತ್ತವೆ. ನೀವು ನಿಂತ ಜಾಗವನ್ನು ಅವು ವಾಕ್ಯ ಮುಗಿದ ಜಾಗ ಎಂದುಕೊಳ್ಳುತ್ತವೆ. ಹೆಸರಿಗೂ ‘ಎಮೋಜಿ’ಗೂ ನಡುವೆ ಬಿಡುವಿರಬಾರದು. ಬಿಡುವು ಬೇಕಾದದ್ದು ಹೆಸರಿಗೆ ಮುಂಚೆ, ವಾಕ್ಯ ಮುಗಿದ ಮೇಲೆ.

ಇದಕ್ಕೆ ಮೇಲಿನ ಕೇಕಿನ ಉದಾಹರಣೆಯೇ ಸಾಕು. 🎂 ಚಿಹ್ನೆಯ ಹೆಸರು ‘ಬರ್ತ್‌ಡೇ ಕೇಕ್’. ಹುಟ್ಟುಹಬ್ಬಕ್ಕೆ ಹಾರೈಸುವವರು ಸಹಜವಾಗಿ ‘ಹ್ಯಾಪಿ ಬರ್ತ್‌ಡೇ ಕೇಕ್ ಎಮೋಜಿ’ ಎನ್ನುತ್ತಾರೆ. ಇದನ್ನು ಫೋನು ಎರಡು ಬಗೆಯಲ್ಲಿ ಬಿಡಿಸಬಹುದು: ‘ಹ್ಯಾಪಿ ಬರ್ತ್‌ಡೇ’ ಆದ ಮೇಲೆ ಕೇಕು, ಇಲ್ಲವೇ ‘ಹ್ಯಾಪಿ’ ಆದ ಮೇಲೆ ಬರ್ತ್‌ಡೇ ಕೇಕು. ಎರಡನೆಯ ಬಗೆಯಾದರೆ ಸಂದೇಶದಲ್ಲಿ ‘ಹ್ಯಾಪಿ’ ಒಂದೇ ಉಳಿದು ಹುಟ್ಟುಹಬ್ಬ ಕೇಕಿನೊಳಗೆ ಸೇರಿಹೋಗುತ್ತದೆ. ಕಿವಿಗೆ ಹುಚ್ಚುತನವೆನಿಸಿದರೂ ‘ಹ್ಯಾಪಿ ಬರ್ತ್‌ಡೇ’ ಎಂದು ಒಂದು ಗಳಿಗೆ ನಿಂತು, ‘ಬರ್ತ್‌ಡೇ ಕೇಕ್ ಎಮೋಜಿ’ ಎಂದು ಇಡೀ ಹೆಸರನ್ನು ಮತ್ತೆ ಹೇಳುವುದೇ ಸರಿ.

ಹೆಸರುಗಳು ಬರುವುದು ಎಲ್ಲಿಂದ? ಒಂದೇ ಸಂಕೇತವಿರುವ ಪ್ರತಿ ಎಮೋಜಿಗೂ ಯೂನಿಕೋಡ್ ಸಂಸ್ಥೆ ಎರಡು ಬಗೆಯ ಹೆಸರು ಇಟ್ಟಿದೆ. ಒಂದು ಔಪಚಾರಿಕ ಹೆಸರು. ಒಮ್ಮೆ ಇಟ್ಟ ಮೇಲೆ ಅದನ್ನು ಎಂದಿಗೂ ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ಇನ್ನೊಂದು ಬಳಕೆಯ ಹೆಸರು. ಸಿಎಲ್‌ಡಿಆರ್ ಎಂಬ ಸಂಗ್ರಹದಲ್ಲಿ ಇದು ಭಾಷೆ ಭಾಷೆಗೂ ಬೇರೆ ಇದ್ದು, ತಿದ್ದಲು ಅವಕಾಶವಿದೆ, ಜೊತೆಗೆ ಹುಡುಕುಪದಗಳೂ ಇವೆ. ಈ ಎರಡರ ನಡುವಿನ ಅಂತರ ಎಷ್ಟಿರಬಹುದು ಎಂಬುದಕ್ಕೆ ಕೆಂಪು ಹೃದಯವೇ ಸಾಕ್ಷಿ. U+2764ರ ಔಪಚಾರಿಕ ಹೆಸರು ‘ಹೆವಿ ಬ್ಲ್ಯಾಕ್ ಹಾರ್ಟ್’. ಮುದ್ರಣದವರ ಭಾಷೆಯಲ್ಲಿ ಬ್ಲ್ಯಾಕ್ ಎಂದರೆ ಒಳಗೆ ತುಂಬಿದ ಆಕಾರ, ಬಣ್ಣವಲ್ಲ. ಎಮೋಜಿಯಾಗಿ ಅದು ಕೆಂಪಾಯಿತು, ಬಳಕೆಯ ಹೆಸರು ‘ರೆಡ್ ಹಾರ್ಟ್’ ಆಯಿತು. ನೀವು ‘ಬ್ಲ್ಯಾಕ್ ಹಾರ್ಟ್ ಎಮೋಜಿ’ ಎಂದರೆ ಬರುವುದು 🖤, ಬೇರೆಯದೇ ಸಂಕೇತ. ಹಾಗಾಗಿ ಫೋನಿಗೆ ಹೇಳುವಾಗ ಬಳಕೆಯ ಹೆಸರೇ ದಾರಿ. ಔಪಚಾರಿಕ ಹೆಸರನ್ನು ಮರೆಯಬಹುದು.

ಫೋನು ತಯಾರಕರು ಬಳಕೆಯ ಹೆಸರಿನ ಜೊತೆಗೆ ಜನ ಆಡುವ ಮಾತುಗಳನ್ನೂ ಒಪ್ಪಿಕೊಳ್ಳುತ್ತಾರೆ. ಆಪಲ್ ತಾನೇ ಕೊಡುವ ಉದಾಹರಣೆಗಳಲ್ಲಿ ‘ಮೈಂಡ್ ಬ್ಲೋನ್ ಎಮೋಜಿ’ ಇದೆ; ಆ 🤯ಯ ಬಳಕೆಯ ಹೆಸರು ‘ಎಕ್ಸ್‌ಪ್ಲೋಡಿಂಗ್ ಹೆಡ್’. ಆದರೆ ಸಹಾಯಪುಟಗಳಲ್ಲಿ ಇಂಥ ಒಂದೆರಡು ಉದಾಹರಣೆಗಳಷ್ಟೇ ಇರುತ್ತವೆ. ಉಳಿದದ್ದನ್ನು ಬಳಕೆದಾರರು ಹೇಳಿ ನೋಡಿ ಕಲಿಯಬೇಕು.

ಹೇಳಿ ನೋಡುವುದಕ್ಕಿಂತ ಒಳ್ಳೆಯ ಉಪಾಯ, ಫೋನಿನ ಬಾಯಿಂದಲೇ ಹೆಸರನ್ನು ಹೇಳಿಸುವುದು. ದೃಷ್ಟಿಯಿಲ್ಲದವರು ಬಳಸುವ ಟಾಕ್‌ಬ್ಯಾಕ್ ಮತ್ತು ವಾಯ್ಸ್‌ಓವರ್ ಎಮೋಜಿ ಎದುರಾದಾಗ ಅದರ ಹೆಸರನ್ನು ಓದುತ್ತವೆ. ಐಫೋನಿನಲ್ಲಿ ವಾಯ್ಸ್‌ಓವರ್ ಹಾಕಿಕೊಳ್ಳದೆಯೂ ಇದು ಸಾಧ್ಯ: `Accessibility` ವಿಭಾಗದಲ್ಲಿ `Speak Selection` ಆನ್ ಮಾಡಿ, ಎಮೋಜಿಯನ್ನು ಆರಿಸಿ `Speak` ಒತ್ತಿದರೆ ಹೆಸರು ಕೇಳುತ್ತದೆ. ಫೋನಿನ ಭಾಷೆ ಇಂಗ್ಲಿಷ್ ಆಗಿದ್ದಾಗ ಕೇಳಿದ ಆ ಹೆಸರನ್ನು ಹಾಗೆಯೇ ತಿರುಗಿ ಹೇಳಿ ‘ಎಮೋಜಿ’ ಸೇರಿಸಿದರೆ ಬಹುಪಾಲು ಸಲ ಅದೇ ಚಿಹ್ನೆ ಬರುತ್ತದೆ. ಈ ವಿಷಯದಲ್ಲಿ ಕಣ್ಣಿನಿಂದ ಕಲಿತವರಿಗಿಂತ ಕಿವಿಯಿಂದ ಕಲಿತವರೇ ಮುಂದೆ.

ನಗು ಮತ್ತು ಅಳುವಿನ ಮುಖಗಳಲ್ಲಿ ಹೆಸರಿನ ಎಡವಟ್ಟು ದುಬಾರಿಯಾಗುತ್ತದೆ. 😂ರ ಹೆಸರು ‘ಫೇಸ್ ವಿತ್ ಟಿಯರ್ಸ್ ಆಫ್ ಜಾಯ್’. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮುಖ ಅದು. 😢 ‘ಕ್ರೈಯಿಂಗ್ ಫೇಸ್’, ಒಂದು ಹನಿ ಕಣ್ಣೀರು. 😭 ‘ಲೌಡ್ಲಿ ಕ್ರೈಯಿಂಗ್ ಫೇಸ್’, ಗೋಳೋ ಎಂದು ಅಳುವುದು. ಸಾವಿನ ಸುದ್ದಿಗೆ ಸಂತಾಪ ಬರೆಸುವವರು ಕಣ್ಣೀರನ್ನು ನೆನೆದು ‘ಟಿಯರ್ಸ್ ಎಮೋಜಿ’ ಎಂದುಬಿಟ್ಟರೆ ನಗುವ ಮುಖ ಬರುವ ಸಾಧ್ಯತೆ ಇದೆ, ಏಕೆಂದರೆ ಟಿಯರ್ಸ್ ಎಂಬ ಪದ ಇರುವುದು ಅದರ ಹೆಸರಿನಲ್ಲಿ. ಚಿಕ್ಕ ಪರದೆಯಲ್ಲಿ ನಗುವುದೂ ಅಳುವುದೂ ಹಳದಿ ಮುಖ, ಎರಡಕ್ಕೂ ನೀಲಿ ಹನಿ. ಕಳಿಸಿದ ಮೇಲೆ ಗೊತ್ತಾಗುವುದು ಎದುರಿನವರಿಗೇ ಮೊದಲು. ಸಂತಾಪಕ್ಕೆ ‘ಕ್ರೈಯಿಂಗ್ ಫೇಸ್ ಎಮೋಜಿ’ ಎನ್ನಬೇಕು. ಅದಕ್ಕಿಂತ ಕ್ಷೇಮ ‘ಫೋಲ್ಡೆಡ್ ಹ್ಯಾಂಡ್ಸ್ ಎಮೋಜಿ’, ಅಂದರೆ 🙏.

ಆ ಮುಗಿದ ಕೈಗಳ ಹೆಸರು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ‘ಪ್ರೇಯಿಂಗ್ ಹ್ಯಾಂಡ್ಸ್’ ಎಂದರೂ ಸಾಮಾನ್ಯವಾಗಿ ಅದೇ ಬರುತ್ತದೆ. ‘ನಮಸ್ತೆ’, ‘ನಮಸ್ಕಾರ’ ಎಂಬವುಗಳನ್ನು ನಂಬಿ ಕೂರುವಂತಿಲ್ಲ. ದೀಪಾವಳಿಗೂ ಇಂಥದೇ ಎಚ್ಚರ ಬೇಕು. ಹಣತೆ 🪔 ಯೂನಿಕೋಡಿಗೆ ಸೇರಿದ್ದು 2019ರಲ್ಲಿ, ಆಟೋರಿಕ್ಷಾ ಮತ್ತು ಸೀರೆಯ ಜೊತೆಗೆ. ಹೆಸರು ‘ದಿಯಾ ಲ್ಯಾಂಪ್’. ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ ಫೋನು ‘ದಿಯಾ’ವನ್ನು ಬೇರೆ ಏನೋ ಎಂದು ಕೇಳಿಸಿಕೊಂಡರೆ ಅಚ್ಚರಿಯಿಲ್ಲ. ಸುರುಸುರುಬತ್ತಿ 🎇 ‘ಸ್ಪಾರ್ಕ್ಲರ್’. ಕೊನೆಯ ಅಕ್ಷರ ಜಾರಿ ‘ಸ್ಪಾರ್ಕ್ಲ್ಸ್’ ಆದರೆ ಬರುವುದು ✨, ಬರಿಯ ಮಿನುಗು.

ಉಚ್ಚಾರಣೆಯ ಮಾತು ಬಂದದ್ದಕ್ಕೆ ಇನ್ನೊಂದು. ಹಳೇ ಮೈಸೂರಿನ ಹಳ್ಳಿಗಳ ಆಡುಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದುಂಟು, ಹಾಲು ಆಲಾಗುತ್ತದೆ. ಅದೇ ರೂಢಿ ಇಂಗ್ಲಿಷಿಗೂ ಬಂದು ‘ಹಾರ್ಟ್’ ‘ಆರ್ಟ್’ ಆದರೆ, ಆರ್ಟ್ ಎಂಬುದು ಬಣ್ಣದ ಹಲಗೆಯ 🎨 ಚಿಹ್ನೆಗೆ ಹುಡುಕುಪದ. ಹೃದಯದ ಬದಲು ಚಿತ್ರಕಾರನ ಹಲಗೆ ಬಂದರೆ ಫೋನು ತಪ್ಪು ಮಾಡಿಲ್ಲ. ಇಲ್ಲಿ ‘ರೆಡ್ ಹಾರ್ಟ್ ಎಮೋಜಿ’ ಎಂದು ಎರಡು ಪದ ಬಳಸಿದರೆ ಒಂದಕ್ಕೊಂದು ಆಸರೆಯಾಗುತ್ತವೆ: ರೆಡ್ ಜೊತೆಗೆ ಬರಬಹುದಾದದ್ದು ಆರ್ಟ್‌ಗಿಂತ ಹಾರ್ಟ್ ಎಂದು ಫೋನು ಊಹಿಸುತ್ತದೆ. ಇಂಗ್ಲಿಷಿನಲ್ಲಿ ಒಂದೇ ದನಿಯ ಪದಗಳಿಗೂ ಇದೇ ಮದ್ದು. ‘ಸನ್’ ಮಗನೂ ಆಗಬಹುದು, ಸೂರ್ಯನೂ ಆಗಬಹುದು. ‘ಸನ್ ವಿತ್ ಫೇಸ್ ಎಮೋಜಿ’ ಎಂದರೆ 🌞 ಬಿಟ್ಟು ಬೇರೆಯದಕ್ಕೆ ಅವಕಾಶ ಕಡಿಮೆ. ಉದ್ದ ಹೆಸರು ಹೇಳಲು ಬೇಸರ ಅನ್ನಿಸಿದರೂ ಗುರಿ ತಪ್ಪುವುದು ಚಿಕ್ಕ ಹೆಸರಿನಲ್ಲೇ ಹೆಚ್ಚು.

ಕನ್ನಡದ ಸಂದೇಶವೊಂದನ್ನು ಹೀಗೆ ಬರೆಸುವ ಕ್ರಮಕ್ಕೆ ನವೆಂಬರ್ 1ರ ಶುಭಾಶಯ ಒಳ್ಳೆಯ ಉದಾಹರಣೆ. ಕರ್ನಾಟಕದ ಬಾವುಟಕ್ಕೆ ಎಮೋಜಿ ಇಲ್ಲ. ದೇಶಗಳ ಒಳಗಿನ ನಾಡುಗಳಲ್ಲಿ ಎಲ್ಲ ಫೋನುಗಳಿಗೂ ಶಿಫಾರಸಾದ ಬಾವುಟಗಳು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನವು ಮಾತ್ರ. ‘ಕರ್ನಾಟಕ ಫ್ಲ್ಯಾಗ್ ಎಮೋಜಿ’ ಎಂದು ಎಷ್ಟು ಸಲ ಹೇಳಿದರೂ ಅಕ್ಷರಗಳೇ ಬರುತ್ತವೆ. ಅದಕ್ಕಾಗಿ ಕನ್ನಡಿಗರು ಹಳದಿ ಮತ್ತು ಕೆಂಪು ಹೃದಯಗಳನ್ನು ಜೋಡಿಸಿ 💛❤️ ಎಂದು ಬರೆಯುವ ರೂಢಿ ಮಾಡಿಕೊಂಡಿದ್ದಾರೆ. ಬಾವುಟದಲ್ಲಿ ಮೇಲಿನದು ಹಳದಿ, ಹಾಗಾಗಿ ಹಳದಿ ಮೊದಲು.

ಇಡೀ ಸಂದೇಶವನ್ನು ಕನ್ನಡ ಕೀಬೋರ್ಡಿನ ಮೈಕಿಗೆ ‘ಕನ್ನಡ ರಾಜ್ಯೋತ್ಸವದ ಶುಭಾಶಯಗಳು ಹಳದಿ ಹೃದಯ ಎಮೋಜಿ’ ಎಂದು ಹೇಳಿದರೆ ಅಷ್ಟೂ ಕನ್ನಡ ಅಕ್ಷರಗಳಲ್ಲಿ ಬಂದು ಕೂರುತ್ತದೆ. ಇಡೀ ಸಂದೇಶವನ್ನು ಇಂಗ್ಲಿಷಿನ ಮೈಕಿಗೆ ಹೇಳಿದರೆ ಹೃದಯಗಳು ಬರುತ್ತವೆ, ರಾಜ್ಯೋತ್ಸವ ಕೆಡುತ್ತದೆ. ಆದ್ದರಿಂದ ಕೆಲಸವನ್ನು ಎರಡಾಗಿ ಮಾಡಬೇಕು. ಕನ್ನಡ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಶುಭಾಶಯದ ಮಾತು ಮುಗಿಸಿ, ಮೈಕ್ ನಿಲ್ಲಿಸಿ, ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಬೇಕು. ಜಿಬೋರ್ಡ್‌ನಲ್ಲಿ ಸ್ಪೇಸ್‌ಬಾರ್ ಒತ್ತಿಹಿಡಿದರೆ ಭಾಷೆಗಳ ಪಟ್ಟಿ ಬರುತ್ತದೆ, ಐಫೋನಿನಲ್ಲಿ ಗ್ಲೋಬ್ ಕೀ ಇದೆ. ಇಂಗ್ಲಿಷಿನಲ್ಲಿ ಭಾರತದ ಇಂಗ್ಲಿಷನ್ನೇ ಮೊದಲು ಆರಿಸಿ ನೋಡಬೇಕು. ನಮ್ಮ ಉಚ್ಚಾರಣೆಗೆ ಅದು ಹತ್ತಿರ. ಜಿಬೋರ್ಡ್ ಇರುವ ಕೆಲವು ಫೋನುಗಳಲ್ಲಿ ಅದರಲ್ಲಿ ಎಮೋಜಿ ಬರದಿದ್ದರೆ ಅಮೆರಿಕದ ಇಂಗ್ಲಿಷಿಗೆ ಬದಲಿಸಿ ನೋಡಬಹುದು. ಮತ್ತೆ ಮೈಕ್ ಒತ್ತಿ, ನಡುವೆ ಚಿಕ್ಕ ಬಿಡುವು ಕೊಟ್ಟು, ‘ಯೆಲ್ಲೋ ಹಾರ್ಟ್ ಎಮೋಜಿ, ರೆಡ್ ಹಾರ್ಟ್ ಎಮೋಜಿ’ ಎನ್ನಬೇಕು. ಪರದೆಯಲ್ಲಿ ಹೀಗೆ ಕಾಣಬೇಕು:

```
ಕನ್ನಡ ರಾಜ್ಯೋತ್ಸವದ ಶುಭಾಶಯಗಳು 💛❤️
```

ಕೆಲವರು ಶ್ರಮ ಉಳಿಸಲು ‘ಯೆಲ್ಲೋ ರೆಡ್ ಹಾರ್ಟ್ ಎಮೋಜಿ’ ಎನ್ನುತ್ತಾರೆ. ಆಗ ಬರುವುದು ಹೀಗೆ:

```
ಕನ್ನಡ ರಾಜ್ಯೋತ್ಸವದ ಶುಭಾಶಯಗಳು Yellow ❤️
```

‘ಎಮೋಜಿ’ ಎಂಬ ಪದ ಒಂದು ಸಲ ಬಂದರೆ ಚಿಹ್ನೆಯೂ ಒಂದೇ. ಹಿಂದಕ್ಕೆ ನೋಡುವಾಗ ‘ರೆಡ್ ಹಾರ್ಟ್’ ಸಿಕ್ಕಿತು, ಅಲ್ಲಿಗೆ ಹುಡುಕಾಟ ನಿಂತಿತು; ‘ಯೆಲ್ಲೋ’ ಅನಾಥವಾಗಿ ಅಕ್ಷರದಲ್ಲಿ ಉಳಿಯಿತು. ಮೂರು ಹೃದಯ ಬೇಕಾದವರೂ ‘ತ್ರೀ ಹಾರ್ಟ್ ಎಮೋಜಿಸ್’ ಎಂಬ ಲೆಕ್ಕಕ್ಕೆ ಹೋಗದೆ ‘ಹಾರ್ಟ್ ಎಮೋಜಿ’ಯನ್ನು ಮೂರು ಸಲ ಹೇಳುವುದೇ ಖಾತ್ರಿ. ಬಹುವಚನದ ರೂಪ ಪಟ್ಟಿಯಲ್ಲಿ ಇದ್ದೀತು ಎಂದು ನೆಚ್ಚಬಾರದು.

ಕನ್ನಡದಲ್ಲಿ ಎಮೋಜಿಗಳಿಗೆ ಹೆಸರಿಲ್ಲ ಎಂದೇನೂ ಅಲ್ಲ. ಸಿಎಲ್‌ಡಿಆರ್ ಸಂಗ್ರಹದಲ್ಲಿ ಕನ್ನಡದ ಹೆಸರುಗಳ ಕಡತವೇ ಇದೆ. ಕೊರತೆ ಇರುವುದು ಉಕ್ತಲೇಖನದ ತಿದ್ದುವ ಹಂತದಲ್ಲಿ. ಕನ್ನಡದ ಪದಗಳ ಸಾಲಿನಲ್ಲಿ ‘ಎಮೋಜಿ’ಯನ್ನು ಗುರುತಿಸಿ ಹಿಂದೆ ನೋಡುವ ಏರ್ಪಾಡು ಬೇಕು. ಹಾಗೆ ಮಾಡಿದರೂ ಆ ಕಡತ ಇದ್ದಂತೆಯೇ ಸಾಲದು ಎಂಬುದು ಈ ಲೇಖಕರ ಅನಿಸಿಕೆ. ಆ ಹೆಸರುಗಳು ಓದಿಸಲು ಸರಿ. ಬಾಯಲ್ಲಿ ಆಡುವವರು ‘ಕೈ ಮುಗಿಯೋ ಎಮೋಜಿ’, ‘ಬಿದ್ದು ಬಿದ್ದು ನಗೋ ಎಮೋಜಿ’ ಎನ್ನುತ್ತಾರೆ, ಧಾರವಾಡದವರ ಬಾಯಲ್ಲಿ ಅದು ‘ನಗೂ’ ಆದೀತು. ಇಂಗ್ಲಿಷಿನಲ್ಲಿ ‘ಮೈಂಡ್ ಬ್ಲೋನ್’ ಸೇರಿಸಿಕೊಂಡಂತೆ ಇವನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಸೌಲಭ್ಯ ಕೆಲಸ ಮಾಡಿದಾಗಲೂ ಕೆಲವು ಮಿತಿಗಳು ಉಳಿಯುತ್ತವೆ. ‘ಅವರು ಹಾರ್ಟ್ ಎಮೋಜಿ ಕಳಿಸಿದರು’ ಎಂದು ಇಂಗ್ಲಿಷಿನಲ್ಲಿ ವರದಿ ಬರೆಸುವವರಿಗೆ ಪದ ಬೇಕು, ಬರುವುದು ಚಿತ್ರ. ಆಗ ಕೈಯಿಂದ ಟೈಪ್ ಮಾಡುವುದೇ ಬೇಗ. ಮೈಬಣ್ಣ 2015ರಲ್ಲಿ ಐದು ಛಾಯೆಗಳಾಗಿ ಎಮೋಜಿಗೆ ಸೇರಿತು, ಆದರೆ ‘ಥಂಬ್ಸ್ ಅಪ್ ಎಮೋಜಿ’ ಎಂದವರಿಗೆ ಛಾಯೆ ಆರಿಸುವ ಸಲೀಸು ದಾರಿ ಬಾಯಲ್ಲಿ ಇಲ್ಲ. ಎಮೋಜಿ ಕೀಬೋರ್ಡಿನಲ್ಲಿ ಆ ಕೈಯನ್ನು ಒತ್ತಿಹಿಡಿದು ಆರಿಸುವುದು ನೆಟ್ಟಗಿನ ಕೆಲಸ. ಹೊಸ ಎಮೋಜಿಗಳ ವಿಷಯದಲ್ಲಿ ಫೋನಿನ ತಂತ್ರಾಂಶ ಹಳೆಯದಾಗಿದ್ದರೆ ಹೆಸರೂ ಸಿಗದು, ಚಿತ್ರವೂ ಸಿಗದು. ಕಳಿಸುವವರ ಫೋನು ಹೊಸದಿದ್ದು ಪಡೆಯುವವರದು ಹಳೆಯದಾದರೆ ಅಲ್ಲಿ ಕಾಣುವುದು ಬರಿಯ ಚೌಕ. 2021ರಲ್ಲಿ ಯೂನಿಕೋಡಿಗೆ ಸೇರಿದ ಕಮಲ 🪷 ಹಳೆಯ ಫೋನುಗಳಲ್ಲಿ ಹೀಗೆ ಚೌಕವಾಗಿ ಕಾಣಿಸಿಕೊಳ್ಳುವುದುಂಟು.

ತಪ್ಪು ಚಿಹ್ನೆ ಬಂದಾಗ ಮೈಕಿಗೆ ‘ಬೇಡ, ಅಳಿಸು’ ಎಂದು ಕನ್ನಡದಲ್ಲಿ ಹೇಳಿದರೆ ಅದೂ ಬರಹವಾಗಿ ಸೇರಿಕೊಳ್ಳುತ್ತದೆ. ಪಿಕ್ಸೆಲ್ ಫೋನುಗಳು ‘ಕ್ಲಿಯರ್’ ಎಂಬ ಆಜ್ಞೆಯನ್ನು ಕೇಳುತ್ತವೆ. ಐಒಎಸ್ 16ರಿಂದ ಈಚೆಗೆ ಐಫೋನಿನಲ್ಲಿ ಮೈಕ್ ಆನ್ ಇರುವಾಗಲೇ ಕೀಬೋರ್ಡೂ ತೆರೆದಿರುತ್ತದೆ, ಹಾಗಾಗಿ ಮಾತು ನಿಲ್ಲಿಸದೆ ಬ್ಯಾಕ್‌ಸ್ಪೇಸ್ ಒತ್ತಿ ತೆಗೆದು, ಉದ್ದನೆಯ ಹೆಸರನ್ನು ಮತ್ತೆ ಹೇಳಬಹುದು.